ರೆಸಿಡ್ಯುಯಲ್ ಪ್ಲಾಟ್‌ನ ಫೋಟೋ: ಇದು ಬಾಗಾ, ಆಲಿಕೆಯಾ, ಅಥವಾ ಕ್ಯಾಮರಾ ಕೋನವಾ?

ಐದನೇ_ಸೆಮ್

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ಸ್ಟಾಟಿಸ್ಟಿಕ್ಸ್ ಓದುತ್ತಿದ್ದೇನೆ. ಲ್ಯಾಬ್‌ನಲ್ಲಿ R ಬಳಸಿ ರಿಗ್ರೆಶನ್ ಮಾಡಿಸಿದರು. ರೆಸಿಡ್ಯುಯಲ್ ಪ್ಲಾಟ್ ಪರದೆ ಮೇಲೆ ಬಂತು. ಸೇವ್ ಮಾಡಲು ಸಮಯ ಇರಲಿಲ್ಲ, ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡೆ. ಅದನ್ನೇ ಮೇಲೆ ಹಾಕಿದ್ದೇನೆ. ನಾನು ಮಾನಿಟರ್‌ನ ಬಲಗಡೆ ಕೂತಿದ್ದೆ, ಹಾಗಾಗಿ ಸ್ವಲ್ಪ ಓರೆಯಾಗಿದೆ. ಕೆಳಗಿನ ಅಂಕಿಗಳೂ ಸರಿಯಾಗಿ ಬಂದಿಲ್ಲ.

ಎಡಗಡೆ ಚುಕ್ಕಿಗಳು ಒತ್ತಾಗಿವೆ, ಬಲಕ್ಕೆ ಹೋದಂತೆ ಹರಡಿಕೊಂಡಿವೆ. ಕೆಂಪು ಗೆರೆ ನಡುವೆ ಸ್ವಲ್ಪ ಇಳಿದು ಮತ್ತೆ ಏರುತ್ತದೆ. ಮೂರು ಚುಕ್ಕಿಗಳ ಪಕ್ಕ 23, 35, 49 ಅಂತ ಬರೆದಿದೆ. ರೆಕಾರ್ಡ್‌ನಲ್ಲಿ "ಏನು ದೋಷ ಕಾಣುತ್ತಿದೆ, ಪರಿಹಾರ ಏನು" ಎಂದು ಬರೆಯಬೇಕು. ಇದು ಬಾಗಾ, ಹರಡುವಿಕೆಯ ತೊಂದರೆಯಾ? ಎರಡೂ ಇದ್ದರೆ ಮೊದಲು ಯಾವುದನ್ನು ಸರಿಮಾಡಬೇಕು?

ಹಂಪಿಕಲ್ಲು

ಇದು ಸ್ಪಷ್ಟವಾಗಿ ಆಲಿಕೆ ಆಕಾರ. ಬಲಕ್ಕೆ ಬಾಯಿ ತೆರೆದಿದೆ. ಹೀಗಿದ್ದರೆ ನಿಮ್ಮ ಸ್ಲೋಪ್ ತಪ್ಪು ಬಂದಿದೆ ಅಂತ ಅರ್ಥ. y ಗೆ ಲಾಗ್ ತೆಗೆದುಕೊಳ್ಳಿ, ಮತ್ತೆ ಫಿಟ್ ಮಾಡಿ, ಮುಗಿಯಿತು. ನಾನು ಯಾವಾಗಲೂ ಅದನ್ನೇ ಮಾಡೋದು.

ಕ್ಯಾಮರಾ_ಕಣ್ಣು

ಒಂದು ನಿಮಿಷ. ನನಗೆ ರಿಗ್ರೆಶನ್ ಅಷ್ಟಾಗಿ ಗೊತ್ತಿಲ್ಲ, ಆದರೆ ಫೋಟೋ ಗೊತ್ತು. ಬಲಗಡೆ ಕೂತು ತೆಗೆದಿದ್ದೀರಿ ಅಂದಮೇಲೆ ಪರದೆಯ ಬಲ ಅಂಚು ಕ್ಯಾಮರಾಗೆ ಹತ್ತಿರ. ಹತ್ತಿರ ಇದ್ದದ್ದು ದೊಡ್ಡದಾಗಿ ಬೀಳುತ್ತದೆ. ಸಮ ಅಗಲದ ಪಟ್ಟಿಯನ್ನು ಹೀಗೆ ತೆಗೆದರೂ ಬಲಕ್ಕೆ ಅಗಲವಾಗಿಯೇ ಕಾಣುತ್ತದೆ. ಡಾಕ್ಯುಮೆಂಟ್ ಸ್ಕ್ಯಾನ್ ಆ್ಯಪ್‌ನಲ್ಲಿ ನಾಲ್ಕು ಮೂಲೆ ಹಿಡಿದು ನೇರ ಮಾಡಿಕೊಳ್ಳಿ. ಆಮೇಲೆ ನೋಡಿದರೆ ಏನೂ ಚಿಂತೆ ಇಲ್ಲ.

ಗೆರೆ_ಗಣಿತ

ಕ್ಯಾಮರಾ_ಕಣ್ಣು ಅವರು ಹೇಳಿದ್ದು ತುಂಬಾ ಮುಖ್ಯ. ಪ್ಲಾಟ್‌ನ ಫೋಟೋ ನೋಡುವಾಗ ಮೊದಲು ಚುಕ್ಕಿ ನೋಡಬಾರದು, ಪ್ಲಾಟ್ ಸುತ್ತ ಇರುವ ಚೌಕಟ್ಟು ನೋಡಬೇಕು. ಚೌಕಟ್ಟಿನ ಎಡ ಅಂಚು, ಬಲ ಅಂಚು ನಿಜವಾಗಿ ಒಂದೇ ಎತ್ತರ ಇರುತ್ತವೆ. ಫೋಟೋದಲ್ಲಿ ಎರಡನ್ನೂ ಸ್ಕೇಲ್ ಇಟ್ಟು ಅಳೆಯಿರಿ. ವ್ಯತ್ಯಾಸ ಎಷ್ಟಿದೆಯೋ ಅಷ್ಟು ಆಲಿಕೆ ಕ್ಯಾಮರಾದ್ದು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಡೇಟಾದ್ದು.

ಆದರೆ ಮೂಲೆ ಹಿಡಿದು ನೇರ ಮಾಡಿದರೆ ಎಲ್ಲ ಸರಿಹೋಗುವುದಿಲ್ಲ. ಓರೆ ಹೋಗುತ್ತದೆ, ಲೆನ್ಸ್ ಬಾಗಿಸಿದ್ದು ಹೋಗುವುದಿಲ್ಲ. ತೀರಾ ಹತ್ತಿರದಿಂದ ತೆಗೆದರೆ ಅಂಚಿನ ನೇರ ಗೆರೆಗಳೂ ಬಿಲ್ಲಿನಂತೆ ಬಾಗುತ್ತವೆ. ಹಾಗಾಗಿ ಎರಡನೇ ಪರೀಕ್ಷೆ: ಸೊನ್ನೆಯ ಚುಕ್ಕೆ ಗೆರೆ ನೋಡಿ. ಅದು ನಿಜವಾಗಿ ನೇರ. ಫೋಟೋದಲ್ಲಿ ಅದೂ ಬಾಗಿದ್ದರೆ ಕೆಂಪು ಗೆರೆಯ ಬಾಗಿನಲ್ಲಿ ಒಂದು ಪಾಲು ಲೆನ್ಸ್‌ನದು. ಕೆಂಪು ಗೆರೆ ಮತ್ತು ಸೊನ್ನೆ ಗೆರೆಯ ನಡುವಿನ ಅಂತರ ಎಡದಲ್ಲಿ, ನಡುವೆ, ಬಲದಲ್ಲಿ ಎಷ್ಟಿದೆ ಅಂತ ನೋಡಿ. ಕಾಗದದ ಅಂಚಿಗೆ ಹೋಲಿಸಬೇಡಿ, ಸೊನ್ನೆ ಗೆರೆಗೇ ಹೋಲಿಸಿ.

ಇನ್ನೊಂದು ವಿಷಯ. 23, 35, 49 ಅಂತ ಗುರುತು ಬಂದಿದೆ, x ಅಕ್ಷ ಸುಮಾರು 0 ಯಿಂದ 80 ರವರೆಗೆ ಇದೆ. ಇದು R ಜೊತೆಗೇ ಬರುವ `cars` ಡೇಟಾ ಅಲ್ವಾ? 50 ಸಾಲು, ಕಾರಿನ ವೇಗ ಗಂಟೆಗೆ ಮೈಲಿಗಳಲ್ಲಿ, ನಿಲ್ಲಲು ಬೇಕಾದ ದೂರ ಅಡಿಗಳಲ್ಲಿ. 1920ರ ದಶಕದ ಕಾರುಗಳು. ಹಾಗಿದ್ದರೆ ಫೋಟೋ ನಂಬಬೇಕಾಗಿಯೇ ಇಲ್ಲ, ಮನೆಯಲ್ಲೇ ಪ್ಲಾಟ್ ತೆಗೆಯಬಹುದು:

```
m1 <- lm(dist ~ speed, data = cars)
plot(m1, which = 1)
plot(m1, which = 3)
```

ಐದನೇ_ಸೆಮ್

ಹೌದು ಮೇಡಂ, `cars` ಡೇಟಾನೇ! ಫೋಟೋ ಅಳೆದೆ. ಎಡ ಅಂಚು 5.2 ಸೆಂ.ಮೀ., ಬಲ ಅಂಚು 5.9 ಸೆಂ.ಮೀ. ಸೊನ್ನೆ ಗೆರೆ ಓರೆಯಾಗಿದೆ, ಆದರೆ ನೇರವಾಗಿಯೇ ಇದೆ. R ಇರುವ ಲ್ಯಾಪ್‌ಟಾಪ್ ಅಣ್ಣನ ಹತ್ತಿರ ಇದೆ, ಸಂಜೆ ಹಾಕಿ ನೋಡುತ್ತೇನೆ.

ಗೆರೆ_ಗಣಿತ

ಒಳ್ಳೆಯದು. 5.2 ಮತ್ತು 5.9 ಅಂದರೆ ಕ್ಯಾಮರಾ ಬಲಗಡೆಯನ್ನು ಶೇಕಡಾ 13ರಷ್ಟು ಹಿಗ್ಗಿಸಿದೆ. ಈಗ ಡೇಟಾ ಎಷ್ಟು ಹಿಗ್ಗಿಸಿದೆ ನೋಡೋಣ.

ಫಿಟ್ ಆದ ಗೆರೆ `dist = -17.58 + 3.93 * speed`. ವೇಗ 10 ಅಥವಾ ಅದಕ್ಕಿಂತ ಕಡಿಮೆ ಇರುವ ಚುಕ್ಕಿಗಳು 9. ಅವುಗಳ ರೆಸಿಡ್ಯುಯಲ್ ಸುಮಾರು −8 ರಿಂದ +12 ಅಡಿ. ಅಂದರೆ 20 ಅಡಿ ಅಗಲ. ವೇಗ 20 ಮತ್ತು ಅದಕ್ಕಿಂತ ಹೆಚ್ಚಿರುವ ಚುಕ್ಕಿಗಳು 12. ಅವುಗಳ ರೆಸಿಡ್ಯುಯಲ್ −29 ರಿಂದ +43. ಅಂದರೆ 72 ಅಡಿ ಅಗಲ. ಮೂರೂವರೆ ಪಟ್ಟು. ಶೇಕಡಾ 13ರ ಕ್ಯಾಮರಾ ಓರೆ ಇದನ್ನು ಮಾಡಲಾರದು. ಆಲಿಕೆ ನಿಜ.

ಎರಡೂ ತುದಿಯಲ್ಲಿ ಚುಕ್ಕಿಗಳ ಸಂಖ್ಯೆ ಹೇಳಿದ್ದಕ್ಕೆ ಕಾರಣ ಇದೆ. ಒಂದು ಕಡೆ 3 ಚುಕ್ಕಿ, ಇನ್ನೊಂದು ಕಡೆ 30 ಇದ್ದರೆ, 30 ಇರುವ ಕಡೆ ಸುಮ್ನೆ ಅಗಲ ಕಾಣುತ್ತದೆ. ಜಾಸ್ತಿ ಚುಕ್ಕಿ ಇದ್ದಾಗ ದೂರ ಬೀಳುವುದೂ ಒಂದೆರಡು ಇದ್ದೇ ಇರುತ್ತವೆ. ಇಲ್ಲಿ 9 ಮತ್ತು 12, ಹೋಲಿಕೆ ಹೆಚ್ಚು ಕಡಿಮೆ ನ್ಯಾಯವಾಗಿದೆ.

ಬಾಗಿನ ವಿಷಯ ಅಷ್ಟು ಗಟ್ಟಿಯಾಗಿಲ್ಲ. ಎಡದ 9ರಲ್ಲಿ 6 ಸೊನ್ನೆಗಿಂತ ಮೇಲೆ. ನಡುವಿನ 29ರಲ್ಲಿ 17 ಕೆಳಗೆ. ವೇಗ 24 ಮತ್ತು 25ರ 5 ಚುಕ್ಕಿಗಳಲ್ಲಿ 4 ಮೇಲೆ. ಮೇಲೆ, ಕೆಳಗೆ, ಮೇಲೆ ಎಂಬ ಕ್ರಮ ಇದೆ, ಆದರೆ ಮೆಲ್ಲಗಿದೆ. ಕೆಂಪು ಗೆರೆಯ ಎರಡು ತುದಿಗಳನ್ನು ಕೆಲವೇ ಚುಕ್ಕಿಗಳು ಎಳೆಯುತ್ತಿವೆ. ಬಲ ತುದಿಯಲ್ಲಿ 49ನೇ ಚುಕ್ಕಿ ಒಂದೇ 43 ಅಡಿ ಮೇಲಿದೆ. ಫೋಟೋ ನೋಡಿ ಇಷ್ಟು ಬಾಗು ಸಾಬೀತಾಯಿತು ಅಂತ ನಾನು ಬರೆಯುವುದಿಲ್ಲ. ಬಾಗಿನ ಸುಳಿವು ಇದೆ ಅಂತ ಬರೆಯುತ್ತೇನೆ.

ಆದರೆ ಬಾಗನ್ನು ನಂಬಲು ಇನ್ನೊಂದು ಕಾರಣ ಇದೆ, ಅದು ಪ್ಲಾಟ್‌ನಲ್ಲಿಲ್ಲ. ಈ ಗೆರೆಗೆ ವೇಗ 4 ಕೊಟ್ಟರೆ −1.85 ಅಡಿ ಬರುತ್ತದೆ. ಕಾರು ಬ್ರೇಕ್ ಹಾಕುವ ಮುಂಚೆಯೇ ನಿಂತಂತಾಯಿತು. ನೇರ ಗೆರೆ ಕೆಳತುದಿಯಲ್ಲಿ ತಪ್ಪಿದೆ ಎಂಬುದಕ್ಕೆ ಇದು ಕೆಂಪು ಗೆರೆಗಿಂತ ಒಳ್ಳೆಯ ಸಾಕ್ಷಿ.

ಹಂಪಿಕಲ್ಲು

ಸರಿ, ಆಲಿಕೆ ನಿಜ ಅಂತಾಯಿತಲ್ಲ. ಹಾಗಾದರೆ ಲಾಗ್ ಅಂದದ್ದು ಸರಿಯೇ ತಾನೇ?

ಗೆರೆ_ಗಣಿತ

ನೀವು ಹೇಳಿದ್ದರಲ್ಲಿ ಎರಡು ಬಿಡಿಸಬೇಕು.

ಆಲಿಕೆ ಇದ್ದರೆ ಸ್ಲೋಪ್ ತಪ್ಪು ಅನ್ನುವುದು ಸರಿಯಲ್ಲ. ಸಂಬಂಧ ನಿಜಕ್ಕೂ ನೇರವಾಗಿದ್ದು ಹರಡುವಿಕೆ ಮಾತ್ರ ಅಸಮವಾಗಿದ್ದರೆ, ಸ್ಲೋಪ್ ಒಂದೇ ಕಡೆಗೆ ವಾಲುವುದಿಲ್ಲ. ಕೆಡುವುದು ಸ್ಟ್ಯಾಂಡರ್ಡ್ ಎರರ್, ಅದರಿಂದ ಬರುವ p ಬೆಲೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಮುಂದಿನ ಅಂದಾಜಿನ ಪಟ್ಟಿ. ಆ ಪಟ್ಟಿ ಕಡಿಮೆ ವೇಗದಲ್ಲಿ ಬೇಕಿದ್ದಕ್ಕಿಂತ ಅಗಲ, ಹೆಚ್ಚು ವೇಗದಲ್ಲಿ ಬೇಕಿದ್ದಕ್ಕಿಂತ ಕಿರಿದು ಆಗುತ್ತದೆ. ಸ್ಲೋಪನ್ನೇ ಕೆಡಿಸುವುದು ಬಾಗು. ಅದಕ್ಕೇ ಎರಡೂ ಕಂಡಾಗ ಮೊದಲು ಬಾಗು ನೋಡಿ ಅನ್ನುತ್ತೇನೆ. ತಪ್ಪು ಆಕಾರದ ಗೆರೆ ಹಾಕಿದರೆ ತುದಿಗಳಲ್ಲಿ ರೆಸಿಡ್ಯುಯಲ್ ಊದಿಕೊಂಡು ಇಲ್ಲದ ಆಲಿಕೆಯೂ ಕಾಣಬಹುದು.

ಇನ್ನು ಲಾಗ್. ಹಾಕಿ ನೋಡಿ, `lm(log(dist) ~ log(speed), data = cars)`. ಸ್ಲೋಪ್ 1.60 ಬರುತ್ತದೆ. ಈಗ ಆಲಿಕೆ ತಿರುಗಿಬಿಡುತ್ತದೆ! ವೇಗ 4ರ ಎರಡು ಚುಕ್ಕಿಗಳು ಸುಮಾರು −0.8 ಮತ್ತು +0.8, ವೇಗ 7ರವು −1.0 ಮತ್ತು +0.7. ಅದೇ ವೇಗ 24ರಲ್ಲಿ ನಾಲ್ಕೂ ಚುಕ್ಕಿಗಳು −0.1 ರಿಂದ +0.4 ಒಳಗೇ ಇವೆ. ಎಡಗಡೆ ಬಾಯಿ ತೆರೆಯಿತು. ಲಾಗ್ ಈ ಡೇಟಾಗೆ ಜಾಸ್ತಿ ಖಾರದ ಔಷಧಿ.

ವರ್ಗಮೂಲ ಮಧ್ಯದ್ದು:

```
m2 <- lm(sqrt(dist) ~ speed, data = cars)
plot(m2, which = c(1, 3))
```

ವೇಗ 4 ಮತ್ತು 7ರಲ್ಲಿ ರೆಸಿಡ್ಯುಯಲ್ −1.5 ರಿಂದ +1.2. ವೇಗ 24ರಲ್ಲಿ −0.65 ರಿಂದ +1.9. ಎರಡು ಕಡೆಯೂ ಹೆಚ್ಚುಕಡಿಮೆ ಸಮ ಅಗಲ. ವೇಗ 4ರ ಅಂದಾಜು ಈಗ 6.6 ಅಡಿ, ಮೈನಸ್ ಹೋಯಿತು. ಬಾಕ್ಸ್–ಕಾಕ್ಸ್ ಹಾಕಿದರೂ ಘಾತ ಅರ್ಧದ ಹತ್ತಿರವೇ ಬರುತ್ತದೆ.

ತುಂಗಾತೀರ

ನನ್ನದೂ ಇದೇ ಸಮಸ್ಯೆ, ಇಲ್ಲೇ ಕೇಳಿಬಿಡುತ್ತೇನೆ. ನಾನು ಪಿಯು ಉಪನ್ಯಾಸಕಿ. ಮಕ್ಕಳ ಹಾಜರಾತಿಯಿಂದ ಇಂಟರ್ನಲ್ ಅಂಕ ಅಂದಾಜಿಸಲು ರಿಗ್ರೆಶನ್ ಮಾಡಿದೆ. ಅಂಕ 20ಕ್ಕೆ. ರೆಸಿಡ್ಯುಯಲ್ ಪ್ಲಾಟ್‌ನಲ್ಲಿ ಬಲಕ್ಕೆ ಹೋದಂತೆ ಅಗಲ ಕಡಿಮೆಯಾಗುತ್ತದೆ, ಮೇಲಿನ ಬಲ ಮೂಲೆಯಲ್ಲಿ ಓರೆಯಾಗಿ ಕತ್ತರಿಸಿದಂತಿದೆ. ವರ್ಗಮೂಲ ತೆಗೆದೆ, ಏನೂ ಬದಲಾಗಲಿಲ್ಲ. ಇಳಿಜಾರಿನಲ್ಲಿ ಸಾಲುಸಾಲಾಗಿ ಗೆರೆಗಳೂ ಕಾಣುತ್ತಿವೆ.

ಗೆರೆ_ಗಣಿತ

ತುಂಗಾತೀರ ಅವರೇ, ನಿಮ್ಮದು ಬೇರೆ ಕಾಯಿಲೆ. 20ರ ಮೇಲೆ ಅಂಕ ಹೋಗಲಾರದು. ಅಂದಾಜು 18 ಇರುವ ಮಗುವಿಗೆ ರೆಸಿಡ್ಯುಯಲ್ ಹೆಚ್ಚೆಂದರೆ +2, 19 ಇದ್ದರೆ +1. ಆ ಮಿತಿಯೇ ಓರೆ ಅಂಚಾಗಿ ಕಾಣುತ್ತಿದೆ. ಅಂಕ ಪೂರ್ಣ ಸಂಖ್ಯೆಯಾದ್ದರಿಂದ 20 ಪಡೆದವರದೆಲ್ಲ ಒಂದು ಇಳಿಜಾರು ಗೆರೆ, 19ರವರದು ಅದರ ಕೆಳಗೆ ಇನ್ನೊಂದು. ಸಾಲುಗಳು ಅದರಿಂದ ಬರುತ್ತವೆ, ಅವು ದೋಷವೇ ಅಲ್ಲ.

ವರ್ಗಮೂಲವಾಗಲಿ ಲಾಗ್ ಆಗಲಿ ದೊಡ್ಡ ಬೆಲೆಗಳನ್ನು ಒತ್ತುತ್ತವೆ. ನಿಮ್ಮಲ್ಲಿ ದೊಡ್ಡ ಬೆಲೆಗಳು ಆಗಲೇ ಒತ್ತಾಗಿವೆ, ಹಾಗಾಗಿ ಉಪಯೋಗವಿಲ್ಲ. 20ರಲ್ಲಿ ಎಷ್ಟು ಅಂತ ಲೆಕ್ಕಕ್ಕೆ ತೆಗೆದುಕೊಂಡು ಬೈನೋಮಿಯಲ್ ಮಾದರಿಯ ಲಾಜಿಸ್ಟಿಕ್ ರಿಗ್ರೆಶನ್ ನೋಡಬಹುದು. ಅಲ್ಲಿ ಹರಡುವಿಕೆ ಅಂದಾಜಿನ ಜೊತೆ ತಾನಾಗಿಯೇ ಬದಲಾಗುತ್ತದೆ. ಬೈನೋಮಿಯಲ್ ಹೇಳುವುದಕ್ಕಿಂತ ಹರಡುವಿಕೆ ಹೆಚ್ಚಿದ್ದರೆ ಕ್ವಾಸಿಬೈನೋಮಿಯಲ್. ಬಹಳ ಮಕ್ಕಳು 20ಕ್ಕೆ 20 ಪಡೆದಿದ್ದರೆ ಅದೂ ಸಾಲದು. ಪ್ಲಾಟ್ ಹಾಕಿ ಬೇರೆ ಎಳೆ ಶುರುಮಾಡಿದರೆ ವಿವರವಾಗಿ ನೋಡೋಣ.

ಬ್ರೇಕ್_ಲೈನರ್

ವಾಹನ ಪರೀಕ್ಷೆಯ ಕೆಲಸ ಮಾಡುತ್ತೇನೆ. ನನಗೆ ವರ್ಗಮೂಲ ಒಪ್ಪಿಗೆಯಿಲ್ಲ. ಕಾರು ನಿಲ್ಲುವ ದೂರಕ್ಕೆ ಎರಡು ಪಾಲು. ಚಾಲಕನಿಗೆ ಬ್ರೇಕ್ ಒತ್ತಬೇಕು ಅನ್ನಿಸಿ ಕಾಲು ಹೋಗುವವರೆಗೆ ಕಾರು ಅದೇ ವೇಗದಲ್ಲಿ ಓಡುತ್ತದೆ. ಆ ದೂರ ವೇಗಕ್ಕೆ ನೇರ ಅನುಪಾತ. ಬ್ರೇಕ್ ಹಿಡಿದ ಮೇಲಿನ ದೂರ ವೇಗದ ವರ್ಗಕ್ಕೆ ಅನುಪಾತ, ಯಾಕೆಂದರೆ ಕರಗಿಸಬೇಕಾದ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. ವೇಗ ಸೊನ್ನೆಯಾದರೆ ದೂರವೂ ಸೊನ್ನೆ. ಹಾಗಾಗಿ ಬರೆಯಬೇಕಾದದ್ದು ಇದು:

```
m3 <- lm(dist ~ 0 + speed + I(speed^2), data = cars)
```

ನಾನು ಹಾಕಿದೆ. `speed`ಗೆ 1.239, ವರ್ಗಕ್ಕೆ 0.0901 ಬಂತು. ಗಂಟೆಗೆ ಒಂದು ಮೈಲಿ ಅಂದರೆ ಸೆಕೆಂಡಿಗೆ 1.467 ಅಡಿ. 1.239 ಅನ್ನು ಅದರಿಂದ ಭಾಗಿಸಿದರೆ 0.84 ಸೆಕೆಂಡು. ಚಾಲಕನ ಪ್ರತಿಕ್ರಿಯೆಯ ಸಮಯ ಅಂತ ನೋಡಿದರೆ ನಂಬುವಂಥದ್ದು. ಎರಡನೇ ಅಂಕಿಯಿಂದ ಬ್ರೇಕ್ ವೇಗ ಇಳಿಸುವ ದರ ತೆಗೆದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 12 ಅಡಿ, ಗುರುತ್ವದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಆ ಕಾಲದ ಬ್ರೇಕುಗಳಿಗೆ ಇದೂ ಸರಿ. ವರ್ಗಮೂಲದ ಮಾದರಿಯಲ್ಲಿ ಬರುವ 0.322ಕ್ಕೆ ಇಂಥ ಅರ್ಥ ಇದೆಯಾ? ಮೇಲಾಗಿ R² 0.65ರಿಂದ 0.91ಕ್ಕೆ ಏರಿತು.

ಗೆರೆ_ಗಣಿತ

ಬ್ರೇಕ್_ಲೈನರ್ ಸರ್, 0.84 ಸೆಕೆಂಡು ನೋಡಿ ಖುಷಿಯಾಯಿತು. ಬಾಗಿಗೆ ನಿಮ್ಮ ಪರಿಹಾರವೇ ಒಳ್ಳೆಯದು ಅಂತ ನನಗೂ ಅನ್ನಿಸುತ್ತದೆ, ಅಂಕಿಗಳಿಗೆ ಅರ್ಥ ಇದೆ.

ಆದರೆ R² ಹೋಲಿಸಬೇಡಿ. ಇಂಟರ್ಸೆಪ್ಟ್ ತೆಗೆದಾಗ R ಅದನ್ನು ಸರಾಸರಿಯಿಂದ ಅಳೆಯುವುದಿಲ್ಲ, ಸೊನ್ನೆಯಿಂದ ಅಳೆಯುತ್ತದೆ. ಹಾಗಾಗಿ ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಇಂಟರ್ಸೆಪ್ಟ್ ಇಟ್ಟುಕೊಂಡು ವರ್ಗ ಸೇರಿಸಿದರೆ 0.651 ಇದ್ದದ್ದು 0.667 ಆಗುತ್ತದೆ ಅಷ್ಟೇ, ವರ್ಗದ ಪದದ p ಬೆಲೆ 0.136. ವರ್ಗಮೂಲದ ಮಾದರಿಯ 0.709 ಕೂಡ ಹೋಲಿಕೆಗೆ ಬರುವುದಿಲ್ಲ, ಅಲ್ಲಿ y ಯೇ ಬೇರೆ.

ಮತ್ತೆ, ನಿಮ್ಮ ಮಾದರಿ ಆಲಿಕೆಯನ್ನು ಮುಟ್ಟಿಯೇ ಇಲ್ಲ. ವರ್ಗದ ಪದ ಸೇರಿಸಿದರೆ ಗೆರೆ ಬಾಗುತ್ತದೆ, ಚುಕ್ಕಿಗಳು ಆ ಗೆರೆಯಿಂದ ಎಷ್ಟು ದೂರ ಹರಡುತ್ತವೆ ಎಂಬುದು ಹಾಗೇ ಉಳಿಯುತ್ತದೆ. ಅದಕ್ಕೆ ತೂಕ ಕೊಡಬೇಕು. ಹರಡುವಿಕೆ ವೇಗದ ಜೊತೆ ಏರುತ್ತದೆ ಅಂದುಕೊಂಡರೆ `weights = 1/speed^2` ಸೇರಿಸಿ. ಆಮೇಲೆ ಸಾದಾ ರೆಸಿಡ್ಯುಯಲ್ ನೋಡಬೇಡಿ, ಅದರಲ್ಲಿ ಆಲಿಕೆ ಇದ್ದೇ ಇರುತ್ತದೆ. `rstandard()` ಕೊಟ್ಟದ್ದನ್ನು ನೋಡಿ.

ಬ್ರೇಕ್_ಲೈನರ್

ತೂಕ ವೇಗದ ವರ್ಗಕ್ಕೆ ಯಾಕೆ? ವೇಗಕ್ಕೆ ಯಾಕಲ್ಲ? ಬ್ರೇಕ್ ಹಿಡಿತದ ವ್ಯತ್ಯಾಸ ಒಂದು ಕಾರಿನಿಂದ ಇನ್ನೊಂದಕ್ಕೆ ಶೇಕಡಾವಾರು ಇರುತ್ತದೆ. ಆ ಲೆಕ್ಕದಲ್ಲಿ ಹರಡುವಿಕೆ ವೇಗದ ವರ್ಗದಂತೆ ಏರಬೇಕು, ಅಂದರೆ ತೂಕ ನಾಲ್ಕನೇ ಘಾತಕ್ಕೆ ಹೋಗಬೇಕು.

ಗೆರೆ_ಗಣಿತ

ನ್ಯಾಯವಾದ ಪ್ರಶ್ನೆ. 50 ಚುಕ್ಕಿಗಳಿಂದ ಇದನ್ನು ತೀರ್ಮಾನಿಸುವುದು ಕಷ್ಟ. ನಾಲ್ಕನೇ ಘಾತ ಕೊಟ್ಟರೆ ವೇಗ 4ರ ಎರಡು ಚುಕ್ಕಿಗಳಿಗೆ ವೇಗ 24ರ ಚುಕ್ಕಿಗಿಂತ ಸಾವಿರ ಪಟ್ಟಿಗೂ ಹೆಚ್ಚು ತೂಕ ಬೀಳುತ್ತದೆ. ಎರಡೇ ಚುಕ್ಕಿ ಇಡೀ ಫಿಟ್ಟನ್ನು ಹಿಡಿದುಕೊಳ್ಳುತ್ತವೆ. ಅದು ನನಗೆ ಭಯ. ಎರಡನೇ ಘಾತದಲ್ಲಿ ಆ ಅನುಪಾತ 36 ಪಟ್ಟು. ಅದನ್ನು ಒಪ್ಪಬಹುದು ಅನ್ನಿಸುತ್ತದೆ, ಸಾಬೀತು ಮಾಡಲಾರೆ.

ಐದನೇ_ಸೆಮ್

ಎಲ್ಲರಿಗೂ ಧನ್ಯವಾದ. ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಹಾಕಿ ನೋಡಿದೆ. ಹರಡುವಿಕೆ ತೋರಿಸುವ `which = 3` ಪ್ಲಾಟ್‌ನಲ್ಲಿ ಮೊದಲ ಮಾದರಿಯ ಕೆಂಪು ಗೆರೆ ಎಡದಿಂದ ಬಲಕ್ಕೆ ಏರುತ್ತಿದೆ. ವರ್ಗಮೂಲ ತೆಗೆದ ಮೇಲೆ ಏರಿಕೆ ತುಂಬಾ ಕಡಿಮೆಯಾಯಿತು.

ಒಂದು ಗೊಂದಲ. ಹರಡುವಿಕೆ ಪರೀಕ್ಷಿಸಲು ಬ್ರೂಶ್–ಪೇಗನ್ ಟೆಸ್ಟ್ ಮಾಡಿದೆ. `car` ಪ್ಯಾಕೇಜ್‌ನ `ncvTest(m1)` p ಬೆಲೆ 0.031 ಕೊಟ್ಟಿತು. ಗೆಳತಿ `lmtest` ಪ್ಯಾಕೇಜ್‌ನ `bptest(m1)` ಹಾಕಿದಳು, 0.073 ಬಂತು. ಒಂದರಲ್ಲಿ ಆಲಿಕೆ ಇದೆ, ಇನ್ನೊಂದರಲ್ಲಿ ಇಲ್ಲ! ರೆಕಾರ್ಡ್‌ನಲ್ಲಿ ಯಾವುದನ್ನು ಬರೆಯಲಿ?

ಹಂಪಿಕಲ್ಲು

0.05ಕ್ಕಿಂತ ಕಡಿಮೆ ಬಂದದ್ದನ್ನು ಬರೆಯಿರಿ, ಪ್ಲಾಟ್‌ಗೆ ಹೊಂದುತ್ತದೆ.

ಗೆರೆ_ಗಣಿತ

ಹಾಗೆ ಆರಿಸಿಕೊಳ್ಳುವುದು ಬೇಡ. ಎರಡನ್ನೂ ಬರೆದು ಯಾಕೆ ಬೇರೆ ಬಂತು ಅಂತ ಹೇಳಿ. `ncvTest` ಹಳೆಯ ರೂಪ, ಎರರ್‌ಗಳು ನಾರ್ಮಲ್ ಹಂಚಿಕೆಯವು ಅಂತ ನಂಬಿಕೊಂಡು ಲೆಕ್ಕ ಹಾಕುತ್ತದೆ. 23 ಮತ್ತು 49ರಂಥ ದೂರದ ಚುಕ್ಕಿಗಳಿದ್ದರೆ ಅದು ಬೇಗ ಎಚ್ಚರಿಸುತ್ತದೆ. `bptest` ಆ ನಂಬಿಕೆ ಬಿಟ್ಟ ರೂಪವನ್ನು ತಾನಾಗಿಯೇ ಬಳಸುತ್ತದೆ. ಇಲ್ಲಿ ನಾನು ಎರಡನೆಯದನ್ನು ಹೆಚ್ಚು ನಂಬುತ್ತೇನೆ. ಆದರೆ 0.073 ಅಂದರೆ ಆಲಿಕೆ ಇಲ್ಲ ಅಂತ ಅಲ್ಲ. 20 ಅಡಿ, 72 ಅಡಿ ಅಗಲ ಕಣ್ಣಿಗೆ ಕಾಣುತ್ತಿದೆ, ದೂರ ಸೊನ್ನೆಗಿಂತ ಕಡಿಮೆ ಆಗಲಾರದು ಎಂಬ ಕಾರಣವೂ ಗೊತ್ತಿದೆ.

ಸ್ಲೋಪಿನ ಸ್ಟ್ಯಾಂಡರ್ಡ್ ಎರರ್ ಮಾತ್ರ ಬೇಕಿದ್ದರೆ y ಯನ್ನು ಮುಟ್ಟದೆಯೂ ಮುಗಿಸಬಹುದು. `lmtest` ಜೊತೆ `sandwich` ಪ್ಯಾಕೇಜ್ ಹಾಕಿಕೊಂಡು:

```
coeftest(m1, vcov = vcovHC(m1, type = "HC3"))
```

ಇದು ಬಾಗನ್ನು ಸರಿಮಾಡುವುದಿಲ್ಲ, ವೇಗ 4ರ ಮೈನಸ್ ದೂರವನ್ನೂ ಸರಿಮಾಡುವುದಿಲ್ಲ. ಅದಕ್ಕೇ ಈ ಡೇಟಾಗೆ ನಾನು ಇದೊಂದನ್ನೇ ಬರೆಯುವುದಿಲ್ಲ.

ವರ್ಗಮೂಲ ಆರಿಸಿದರೆ ಇನ್ನೊಂದು ಎಚ್ಚರ. ವೇಗ 15ಕ್ಕೆ ಅಂದಾಜು 6.11, ಅದರ ವರ್ಗ 37.4 ಅಡಿ. ಇದು ಸರಾಸರಿ ದೂರ ಅಲ್ಲ, ನಡುಬೆಲೆಯ ಅಂದಾಜು. ಸರಾಸರಿ ಬೇಕಾದರೆ ರೆಸಿಡ್ಯುಯಲ್ ವೇರಿಯನ್ಸ್, ಅಂದರೆ 1.102ರ ವರ್ಗ 1.21 ಸೇರಿಸಬೇಕು. ಆಗ 38.6. ಇಲ್ಲಿ ವ್ಯತ್ಯಾಸ ಸಣ್ಣದು. ಲಾಗ್ ಮಾದರಿಗಳಲ್ಲಿ ಇದೇ ವ್ಯತ್ಯಾಸ ತುಂಬಾ ದೊಡ್ಡದಾಗಬಹುದು.

ಕ್ಯಾಮರಾ_ಕಣ್ಣು

ಮುಂದಿನ ಸಲ ಫೋಟೋನೇ ತೆಗೆಯಬೇಕಾಗಿ ಬಂದರೆ: ಒಂದೆರಡು ಹೆಜ್ಜೆ ಹಿಂದೆ ಹೋಗಿ, ಪರದೆಯ ನಡುಭಾಗಕ್ಕೆ ಎದುರಾಗಿ ನಿಂತು, ಜೂಮ್ ಮಾಡಿ ತೆಗೆಯಿರಿ. ಓರೆಯೂ ಲೆನ್ಸ್ ಬಾಗೂ ಎರಡೂ ಕಡಿಮೆಯಾಗುತ್ತವೆ. ನಾಲ್ಕೂ ಮೂಲೆ, ಅಕ್ಷದ ಅಂಕಿ ಚಿತ್ರದೊಳಗೆ ಬರಲಿ.

ಐದನೇ_ಸೆಮ್

ಹಾಗೇ ಮಾಡುತ್ತೇನೆ ಸರ್. ಕೊನೆಯದಾಗಿ ಒಂದು. ವರ್ಗಮೂಲ ತೆಗೆದ ಮೇಲೂ 23ನೇ ಚುಕ್ಕಿ ಮೇಲೆಯೇ ನಿಂತಿದೆ. ತೆಗೆದುಹಾಕಲಾ?

ಗೆರೆ_ಗಣಿತ

ತೆಗೆಯಬೇಡಿ. ಅದು ವೇಗ 14, ದೂರ 80 ಅಡಿ. ಅದೇ ವೇಗದ ಉಳಿದ ಮೂರು ಕಾರುಗಳು 26, 36, 60 ಅಡಿಗೆ ನಿಂತಿವೆ. ವರ್ಗಮೂಲದ ಅಳತೆಯಲ್ಲಿ ಅದರ ರೆಸಿಡ್ಯುಯಲ್ 3.15, ರೆಸಿಡ್ಯುಯಲ್ ಸ್ಟ್ಯಾಂಡರ್ಡ್ ಎರರ್‌ನ ಮೂರು ಪಟ್ಟಿಗೆ ಸ್ವಲ್ಪ ಕಡಿಮೆ. 50ರಲ್ಲಿ ಒಂದು ಅಷ್ಟು ದೂರ ಹೋಗುವುದು ಅಪರೂಪ, ಆಗದ್ದೇನಲ್ಲ. x ಅಕ್ಷದ ನಡುವೆ ಇರುವುದರಿಂದ ಗೆರೆಯನ್ನೂ ಹೆಚ್ಚು ಎಳೆಯುವುದಿಲ್ಲ. ಅದನ್ನು ಬಿಟ್ಟು ಒಮ್ಮೆ ಫಿಟ್ ಮಾಡಿ, ಸ್ಲೋಪ್ ಎಷ್ಟು ಬದಲಾಯಿತು ಅಂತ ಪಕ್ಕದಲ್ಲಿ ಬರೆಯಿರಿ.

ಬ್ರೇಕ್_ಲೈನರ್

ನನ್ನ ಅನುಭವದಲ್ಲಿ ಅಂಥ ಚುಕ್ಕಿ ಒದ್ದೆ ರಸ್ತೆಯದೋ ಸವೆದ ಬ್ರೇಕಿನದೋ ಆಗಿರುತ್ತದೆ. ಈ ಡೇಟಾದಲ್ಲಿ ರಸ್ತೆಯ ಬಗ್ಗೆ ಒಂದು ಕಾಲಂ ಕೂಡ ಇಲ್ಲ. ತೂಕದ ಘಾತದ ವಿಷಯ ನಾನಿನ್ನೂ ಒಪ್ಪಿಲ್ಲ, ಎರಡೂ ಹಾಕಿ ನೋಡಿ ನಾಳೆ ಬರೆಯುತ್ತೇನೆ.